ಎಂ.ಎ. ಸೀಟು: ಒಂದು ಒಪ್ಪಿಗೆ ಪತ್ರ, ಬೇಡ ಅಂತ ಬರೆದ ಎರಡು ಪತ್ರ

ಲಕ್ಷ್ಮೇಶ್ವರ
10-10-2025

ಗೆ,
ಮುಖ್ಯಸ್ಥರು, ಜಾನಪದ ಸಾಹಿತ್ಯ ವಿಭಾಗ
ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ಗೊಟಗೋಡಿ

ವಿಷಯ: ಎಂ.ಎ. ಸೀಟು ಒಪ್ಪಿಕೊಂಡ ಬಗ್ಗೆ

ಸರ್, ನಮಸ್ಕಾರ.

ಎಂ.ಎ.ಗೆ ಆಯ್ಕೆಯಾಗಿದ್ದೇನೆ ಅಂತ ಬುಧವಾರ ನಿಮ್ಮ ಕಚೇರಿಯಿಂದ ಇಮೇಲ್ ಬಂತು. ಸೀಟು ಒಪ್ಪಿಕೊಂಡಿದ್ದೇನೆ. ಸೋಮವಾರ ಮೂಲ ದಾಖಲೆ ತಗೊಂಡು ಬಂದು ಅವತ್ತೇ ಫೀ ಕಟ್ಟುತ್ತೇನೆ.

ಸಂದರ್ಶನದಲ್ಲಿ ನೀವು "ಧಾರವಾಡದಾಗ ಸೀಟು ಸಿಕ್ಕರ ಇಲ್ಲಿಗೆ ಬರ್ತೀಯೇನವಾ?" ಅಂತ ಕೇಳಿದ್ದಿರಿ. ನಾನು "ನೋಡ್ತೀನ್ರಿ ಸರ್" ಅಂದಿದ್ದೆ. ಅಲ್ಲೂ ಸಿಕ್ಕಿದೆ, ಗದಗಿನಲ್ಲೂ ಸಿಕ್ಕಿದೆ. ಆದರೂ ಗೊಟಗೋಡಿಗೇ ಬರುತ್ತಿದ್ದೇನೆ. ಕಾರಣ ನಿಮಗೆ ಗೊತ್ತೇ ಇದೆ. ನಮ್ಮ ಅಜ್ಜ ದೊಡ್ಡಾಟದಲ್ಲಿ ಮದ್ದಳೆ ಬಾರಿಸುತ್ತಿದ್ದರು, ಅವರ ಕೈಬರಹದ ಆಟದ ಪುಸ್ತಕಗಳು ಅಟ್ಟದ ಮೇಲಿನ ಟ್ರಂಕಿನಲ್ಲಿವೆ, ಒಂದಿಷ್ಟು ಹಾಳೆ ಹುಳ ತಿಂದಿವೆ, ಉಳಿದದ್ದನ್ನು ಓದುವ ಹಿರಿಯರು ಊರಲ್ಲಿ ಇನ್ನೂ ಇದ್ದಾರೆ, ಅವರು ಇರುವಾಗಲೇ ಈ ಕೆಲಸ ಆಗಬೇಕು. ಮೊಹರಂ ಪದಗಳನ್ನೂ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇನೆ. ಆದರೆ ಯಾರಿಂದ ಕಲಿತರು, ಯಾವ ಓಣಿಯಲ್ಲಿ ಹಾಡುತ್ತಿದ್ದರು ಅನ್ನೋದನ್ನೂ ಬರೆದಿಡಬೇಕು ಅಂತ ನನಗೆ ಹೊಳೆದದ್ದೇ ನೀವು ಸಂದರ್ಶನದಲ್ಲಿ ಆ ಪ್ರಶ್ನೆ ಕೇಳಿದ ಮೇಲೆ.

ಎರಡು ವಿನಂತಿ ಇವೆ. ನಾನು ಬಿ.ಎ. ಮಾಡಿದ್ದು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ. ಹಾಗಾಗಿ ಮೈಗ್ರೇಶನ್ ಸರ್ಟಿಫಿಕೇಟ್ ಧಾರವಾಡದಿಂದ ಬರಬೇಕು. ಅರ್ಜಿ ಹಾಕಿದ್ದೇನೆ, ಸೋಮವಾರದೊಳಗೆ ಸಿಗುವ ಹಾಗೆ ಕಾಣುತ್ತಿಲ್ಲ. ಟಿ.ಸಿ., ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಲ್ಲಾ ರೆಡಿ ಇವೆ. ಅದೊಂದಕ್ಕೆ ಮುಚ್ಚಳಿಕೆ ಬರೆದುಕೊಟ್ಟರೆ ನಡೆಯುತ್ತದೆಯೇ? ಇನ್ನೊಂದು, ಹಾಸ್ಟೆಲ್. ಲಕ್ಷ್ಮೇಶ್ವರದಿಂದ ಶಿಗ್ಗಾಂವಿಗೆ ಬಂದು ಅಲ್ಲಿ ಬಸ್ ಬದಲಿಸಿ ದಿನಾ ಓಡಾಡುವುದು ಕಷ್ಟ. ಜಾಗ ಇದ್ದರೆ ನನ್ನ ಹೆಸರೂ ಸೇರಿಸಿಕೊಳ್ಳಿ ಸರ್.

ನಿಮ್ಮ ವಿದ್ಯಾರ್ಥಿನಿ,
ಸವಿತಾ

---

ಲಕ್ಷ್ಮೇಶ್ವರ
10-10-2025

ಗೆ,
ಮುಖ್ಯಸ್ಥರು, ಕನ್ನಡ ಅಧ್ಯಯನ ಪೀಠ
ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ

ವಿಷಯ: ಎಂ.ಎ. ಕನ್ನಡ ಸೀಟು ಬಿಟ್ಟುಕೊಡುವ ಬಗ್ಗೆ

ಮೇಡಂ, ನಮಸ್ಕಾರ.

ಎಂ.ಎ. ಕನ್ನಡಕ್ಕೆ ನನ್ನನ್ನು ಆರಿಸಿದ್ದಕ್ಕೆ ತುಂಬಾ ಧನ್ಯವಾದ. ಈ ಸೀಟನ್ನು ನಾನು ತಗೊಳ್ಳುತ್ತಿಲ್ಲ. ಗೊಟಗೋಡಿಯಲ್ಲಿ ಜಾನಪದ ಎಂ.ಎ. ಸೇರುತ್ತಿದ್ದೇನೆ. ಫೀ ಕಟ್ಟಿಲ್ಲ, ಆದ್ದರಿಂದ ವಾಪಸ್ ಕೊಡುವ ರಗಳೆ ಇಲ್ಲ. ವೇಟಿಂಗ್ ಲಿಸ್ಟಿನಲ್ಲಿ ಇರುವವರಿಗೆ ಇವತ್ತೇ ತಿಳಿಸಬಹುದು. ಕೊನೆಯ ದಿನದ ತನಕ ಸುಮ್ನೆ ಸೀಟು ಹಿಡಿದಿಟ್ಟುಕೊಂಡರೆ ಅವರು ಬೇರೆ ಎಲ್ಲೋ ದುಡ್ಡು ಕಟ್ಟಿಬಿಡುತ್ತಾರೆ, ಅಲ್ವಾ?

ಧಾರವಾಡ ಬಿಡುವುದು ಸುಲಭ ಇರಲಿಲ್ಲ. ಕೌನ್ಸೆಲಿಂಗ್ ದಿನ ನಾನು ಹಳಗನ್ನಡ ಅಂದರೆ ಭಯ ಅಂದಾಗ, ನೀವು ಪಠ್ಯವನ್ನು ಗಟ್ಟಿಯಾಗಿ ಓದಿಸಿ, ಎಲ್ಲಿ ಪದ ಒಡೆಯಬೇಕು ಅಂತ ತೋರಿಸಿದಿರಿ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ಅಜ್ಜನ ಪುಸ್ತಕದ ಅರ್ಧಂಬರ್ಧ ಅಳಿಸಿದ ಸಾಲುಗಳನ್ನು ಈಗ ಹಾಗೇ ಗಟ್ಟಿಯಾಗಿ ಓದಿ ಬಿಡಿಸುತ್ತಿದ್ದೇನೆ. ನಿಮ್ಮಲ್ಲಿ ಕಲಿಸುವುದು ಕಡಿಮೆ ಅಂತ ಬಿಟ್ಟದ್ದಲ್ಲ ಮೇಡಂ. ನನಗೆ ಈಗ ಕೈಯಲ್ಲಿರುವ ಕೆಲಸಕ್ಕೆ ಕ್ಷೇತ್ರಕಾರ್ಯದ ಪಾಠ ಮೊದಲು ಬೇಕು, ಅಷ್ಟೇ.

ಮೈಗ್ರೇಶನ್ ಸರ್ಟಿಫಿಕೇಟಿಗಾಗಿ ಹೇಗೂ ಧಾರವಾಡಕ್ಕೆ ಬರುವವಳಿದ್ದೇನೆ. ಅವತ್ತು ವಿಭಾಗಕ್ಕೂ ಬಂದು ಕಾಣುತ್ತೇನೆ. ಹೊರಗಿನವರು ಗ್ರಂಥಾಲಯದಲ್ಲಿ ಕೂತು ಓದಲು ಯಾರ ಪತ್ರ ತರಬೇಕು ಅಂತ ತಿಳಿಸಿದರೆ ಉಪಕಾರ. ಎಂ.ಎ. ಮುಗಿದ ಮೇಲೆ ಪಿಎಚ್.ಡಿ.ಗೆ ನಿಮ್ಮಲ್ಲೇ ಅರ್ಜಿ ಹಾಕುವ ಆಸೆಯೂ ಇದೆ. ಆಗ ಈ ಪತ್ರ ನೆನಪಿಟ್ಟುಕೊಂಡು ಬೈಯಬೇಡಿ!

ವಿಶ್ವಾಸದಿಂದ,
ಸವಿತಾ

---

ಲಕ್ಷ್ಮೇಶ್ವರ
10-10-2025

ಗೆ,
ಪ್ರವೇಶ ವಿಭಾಗ
ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಗದಗ

ವಿಷಯ: ಸೀಟು ಬಿಟ್ಟುಕೊಡುವ ಬಗ್ಗೆ

ಮಾನ್ಯರೇ,

ಎಂ.ಎ. ಗ್ರಾಮೀಣಾಭಿವೃದ್ಧಿ ಕೋರ್ಸಿಗೆ ನನಗೆ ಕೊಟ್ಟ ಸೀಟಿಗಾಗಿ ಧನ್ಯವಾದಗಳು. ಬೇರೆ ಕಡೆ ಜಾನಪದ ವಿಷಯದಲ್ಲಿ ಸೇರುತ್ತಿರುವುದರಿಂದ ಇದನ್ನು ಬಿಟ್ಟುಕೊಡುತ್ತಿದ್ದೇನೆ. ದಯವಿಟ್ಟು ಮುಂದಿನವರಿಗೆ ಕೊಡಿ. ನಾನು ದಾಖಲೆಯ ಜೆರಾಕ್ಸ್ ಮಾತ್ರ ಕೊಟ್ಟಿದ್ದೆ, ಮೂಲ ಪ್ರತಿ ಯಾವುದೂ ನಿಮ್ಮಲ್ಲಿಲ್ಲ.

ಅಪ್ಪನಿಗೆ ಮಾತ್ರ ಸ್ವಲ್ಪ ಬೇಜಾರು. ನಮ್ಮ ಜಿಲ್ಲೆಯಲ್ಲೇ ಓದಲಿ ಅಂತ ಅವರ ಆಸೆ ಇತ್ತು. ನಾಗಾವಿ ಕ್ಯಾಂಪಸ್ ನೋಡಲು ಬಂದ ದಿನ ನಿಮ್ಮ ಕಚೇರಿಯವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಕೋರ್ಸಿನ ಬಗ್ಗೆ ಸಮಾಧಾನದಿಂದ ಹೇಳಿದ್ದರು. ಅವರಿಗೆ ನಮ್ಮ ನಮಸ್ಕಾರ ತಿಳಿಸಿ. ನನ್ನ ತಂಗಿ ಈಗ ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ, ಅವಳಿಗೆ ಪಂಚಾಯ್ತಿ ಕೆಲಸದಲ್ಲಿ ನನಗಿಂತ ಜಾಸ್ತಿ ಆಸಕ್ತಿ. ಮುಂದಿನ ವರ್ಷ ಅವಳ ಅರ್ಜಿ ಬರಬಹುದು.

ಇಂತಿ,
ಸವಿತಾ