ಕೃಷ್ಣೆ ದಾಟುವಾಗ ಕುಡಿದ ಚಹಾ

ಈ ಚಿತ್ರದಲ್ಲಿ ಇರುವುದಿಷ್ಟು: ರೈಲಿನ ಕಿಟಕಿ, ಕಂಬಿ, ಕಾಗದದ ಲೋಟ, ಹಿಂದೆ ಕೃಷ್ಣೆ. ಬಲಮೂಲೆಯಲ್ಲಿ ಹಸಿರು ಬಳೆ ತೊಟ್ಟ ಕೈಯೊಂದು ಮಸುಕಾಗಿ ನುಗ್ಗಿದೆಯಲ್ಲ, ಅದನ್ನು ಕತ್ತರಿಸಿ ಹಾಕು ಎಂದು ತಮ್ಮ ಆಗಲೇ ಸಂದೇಶ ಕಳಿಸಿದ್ದಾನೆ. ಕತ್ತರಿಸುವುದಿಲ್ಲ. ಚಿತ್ರದ ಮುಖ್ಯಪಾತ್ರವೇ ಆ ಕೈ.

ನಿನ್ನೆ ರಾತ್ರಿ ಬೆಂಗಳೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಇಳಿಯುವುದು ಕಲಬುರಗಿಯಲ್ಲಿ, ಅಕ್ಕನ ಮನೆಯ ಗೃಹಪ್ರವೇಶಕ್ಕೆ. ಸ್ಲೀಪರ್ ಬೋಗಿ, ಸೈಡ್ ಲೋವರ್. ಉದ್ದ ಕಾಲಿನವರಿಗೆ ಅದು ಶಿಕ್ಷೆ ನಿಜ, ಆದರೆ ಮಧ್ಯದ ಬರ್ತ್ ಯಾವಾಗ ಇಳಿಸುತ್ತಾರೋ ಎಂದು ಬೆಳಗಿನ ಆರರವರೆಗೆ ಕಾಯುವ ಗೋಜಿಲ್ಲ. ಎಚ್ಚರವಾದೊಡನೆ ಎದ್ದು ಕೂತರೆ ಕಿಟಕಿ ನಮ್ಮದೇ. ಹಿಂದೂಪುರ, ಧರ್ಮಾವರಂ, ಗುಂತಕಲ್ಲು ಎಲ್ಲ ನಿದ್ದೆಯಲ್ಲಿ ಹೋದವು. ತುಂಗಭದ್ರೆಯೂ ಹೋದಳು.

ರಾಯಚೂರಿನಲ್ಲಿ ಕಣ್ಣು ಬಿಟ್ಟಾಗ ಚಹಾದವನು ಸ್ಟೀಲಿನ ಕ್ಯಾನು ಹೊತ್ತು ಬಾಗಿಲಿಗೇ ಬಂದಿದ್ದ. ಹತ್ತು ರೂಪಾಯಿ. ಮೊಬೈಲು ಹಿಡಿದು ಅವನ ಕುತ್ತಿಗೆಯ ಕ್ಯೂಆರ್ ಕೋಡಿಗೆ ತೋರಿಸಿದೆ, ಮುಗಿಯಿತು. 1871ರಲ್ಲಿ ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ಕೂಡಿದ್ದು ಈ ರಾಯಚೂರಿನಲ್ಲೇ. ಅಂಥ ಊರಿನ ಚಹಾ ಇನ್ನಷ್ಟು ಕಡಕ್ ಆಗಿರಬಹುದಿತ್ತು! ಸಕ್ಕರೆ ಧಾರಾಳ, ಶುಂಠಿ ಹೆಸರಿಗೆ ಮಾತ್ರ. ಬಿಸಿಯಾಗಿತ್ತು ಎಂಬುದೊಂದೇ ಅದರ ಪುಣ್ಯ.

ಲೋಟವನ್ನು ಕಿಟಕಿಯ ಅಂಚಿಗಿಟ್ಟು ಮೊಬೈಲು ಸರಿಮಾಡಿಕೊಳ್ಳುತ್ತಿದ್ದೆ. ಎದುರಿನ ಬರ್ತಿನ ಅಜ್ಜಿ ಎದ್ದು ಬಂದು, ಕೇಳದೆಯೇ ನನ್ನ ಕಾಲ ಬಳಿ ಕುಳಿತರು. ಯಾದಗಿರಿಯವರು. ನದಿ ಬರುತ್ತದೆ, ಚಿಲ್ಲರೆ ತೆಗೆದಿಟ್ಟುಕೋ ಎಂದರು. ಪರ್ಸಿನಲ್ಲಿ ಎರಡು ಕಾರ್ಡು, ಐನೂರರ ಒಂದು ನೋಟು. ನಾಣ್ಯ ಎಂಬುದೇ ಇಲ್ಲ. ಎಲ್ಲವೂ ಮೊಬೈಲಿನಲ್ಲೇ ಅಜ್ಜಿ ಎಂದೆ.

"ನದಿಗೂ ಅದರಲ್ಲೇ ಕಳಿಸುತ್ತೀಯೇನು ತಂಗಿ?"

ಸೊಂಟದ ಸಂಚಿ ಬಿಚ್ಚಿದರು. ಎಲೆ, ಅಡಕೆಯ ಚೂರು, ಸುಣ್ಣದ ಡಬ್ಬಿ, ಅವುಗಳ ತಳದಲ್ಲಿ ಒಂದಷ್ಟು ನಾಣ್ಯ. ಸುಣ್ಣ ಮೆತ್ತಿದ ಎರಡು ರೂಪಾಯಿಯೊಂದನ್ನು ಸೆರಗಿಗೆ ಒರೆಸಿ ನನ್ನ ಅಂಗೈಗೆ ಹಾಕಿದರು, ಇನ್ನೊಂದನ್ನು ತಾವು ಹಿಡಿದರು. ಅಷ್ಟರಲ್ಲಿ ಸೇತುವೆ ಬಂತು. ಗಾಲಿಯ ಸದ್ದು ಒಮ್ಮೆಗೇ ಪೊಳ್ಳಾಯಿತು, ಲೋಟದ ಚಹಾದ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದವು, ಕಟ್ಟುತ್ತಿದ್ದ ಕೆನೆ ಸುಕ್ಕಾಗಿ ಅಂಚಿಗೆ ಸರಿಯಿತು. ಮೇ ತಿಂಗಳ ಕೃಷ್ಣೆ. ನೀರಿಗಿಂತ ಬಂಡೆಯೇ ಹೆಚ್ಚು. ಅವುಗಳ ನಡುವೆ ನಿಂತ ನೀರಿಗೆ ಆಗಷ್ಟೇ ಕೆಂಪು ಹತ್ತುತ್ತಿತ್ತು. ಆಚೆಗೆ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಚಿಮಣಿಗಳು. ನಮ್ಮ ಮನೆಗಳ ದೀಪಕ್ಕೆ 1985ರಿಂದ ಕಲ್ಲಿದ್ದಲು ಉರಿಸುತ್ತಾ ನಿಂತಿರುವ ಅವುಗಳನ್ನೂ ಚೌಕಟ್ಟಿನಿಂದ ಹೊರಗಿಡಲು ಮನಸ್ಸಾಗಲಿಲ್ಲ.

ನಾನು ಬಟನ್ ಒತ್ತಿದ್ದೂ ಅಜ್ಜಿ ಕಂಬಿಯ ಸಂದಿಯಿಂದ ಕೈ ಬೀಸಿದ್ದೂ ಒಂದೇ ಕ್ಷಣ. ಅವರ ನಾಣ್ಯ ನೇರ ನದಿಗೆ ಹೋಯಿತು. ನನ್ನದು ಸೇತುವೆಯ ಕಬ್ಬಿಣಕ್ಕೆ ಟಣ್ ಎಂದು ಬಡಿಯಿತು. ಬಡಿದರೂ ಬೀಳುವುದು ಕೆಳಗೇ, ಚಿಂತೆ ಬೇಡ ಎಂದರು. ತುಂಗಭದ್ರೆಗೆ ಹಾಕಿದಿರಾ ಎಂದು ಕೇಳಿದೆ. ಹಾಕಿದ್ದರಂತೆ, ನಾನು ಗೊರಕೆ ಹೊಡೆಯುತ್ತಿದ್ದಾಗ. ಹಾಗಾದರೆ ನಿಮ್ಮೂರಿನ ಭೀಮೆಗೆ? ಅವಳು ಇಲ್ಲೇ ಸ್ವಲ್ಪ ಮೇಲೆ ಬಂದು ಕೃಷ್ಣೆಯನ್ನು ಕೂಡಿದ್ದಾಳೆ, ಒಂದೇ ನಾಣ್ಯದಲ್ಲಿ ಇಬ್ಬರಿಗೂ ಸಂದಿತು ಎಂದರು. ಲೆಕ್ಕದಲ್ಲಿ ಅಜ್ಜಿ ಪಕ್ಕಾ.

ಸೇತುವೆ ದಾಟಿದರೆ ತೆಲಂಗಾಣ, ಇನ್ನೇನು ತೆಲಂಗಾಣ ಎನ್ನುವಷ್ಟರಲ್ಲಿ ಸೈದಾಪುರ, ಮತ್ತೆ ಕರ್ನಾಟಕ. ಅಷ್ಟು ಹೊತ್ತಿಗೆ ಚಹಾ ಆರಿಹೋಗಿತ್ತು. ಚೆಲ್ಲಲು ಹೋದರೆ ಅಜ್ಜಿ ಬಿಡಲಿಲ್ಲ. ಬುತ್ತಿ ಬಿಚ್ಚಿ ಖಡಕ್ ರೊಟ್ಟಿಯ ತುಂಡೊಂದನ್ನು ಅದರಲ್ಲಿ ಅದ್ದಿ ತಿನ್ನಿಸಿದರು. ಶೇಂಗಾ ಚಟ್ನಿ ಬೇರೆ! ಸಿಹಿ ಚಹಾದ ಜೊತೆ ಖಾರದ ಚಟ್ನಿ ಯಾರೂ ಹೇಳಿಕೊಡುವ ಜೋಡಿಯಲ್ಲ, ಆದರೆ ಆ ಚಹಾಕ್ಕೆ ರುಚಿ ಬಂದದ್ದು ಅಲ್ಲಿಯೇ.

ಅವರು ಯಾದಗಿರಿಯಲ್ಲಿ ಇಳಿದರು. ಚಿತ್ರದಲ್ಲಿ ತಮ್ಮ ಮುಖವಿಲ್ಲವೆಂದು ಸ್ವಲ್ಪ ಬೇಸರ. ಬಳೆಯಾದರೂ ಬಂದಿದೆಯಲ್ಲ, ಮೊಮ್ಮಗನಿಗೆ ಕಳಿಸು ಎಂದು ನಂಬರ್ ಬರೆಸಿದರು. ಗಾಡಿ ಈಗ ವಾಡಿಯಲ್ಲಿ ನಿಂತಿದೆ, ಮೊಬೈಲಿಗೆ ಸಿಗ್ನಲ್ ಸಿಕ್ಕಿದೆ. ಮೊದಲು ಅವನಿಗೆ ಕಳಿಸಿ, ಆಮೇಲೆ ಇಲ್ಲಿ ಹಾಕುತ್ತಿದ್ದೇನೆ. ಅಕ್ಕಾ, ಸ್ಟೇಷನ್ನಿಗೆ ಬರುವಾಗ ಭಾವನವರ ಹತ್ತಿರ ಚಿಲ್ಲರೆ ಇಸಿದುಕೊಂಡು ಬಾ. ವಾಪಸು ಹೋಗುವಾಗ ಮೂರು ನದಿಯ ಬಾಕಿ ತೀರಿಸಬೇಕು.

#ರೈಲುಕಿಟಕಿ #ಚಹಾ #ಕೃಷ್ಣೆ #ರಾಯಚೂರು #ಹಸಿರುಬಳೆಯಅಜ್ಜಿ