ಗ್ರಹಣ ನಮ್ಮ ಮನೆ ಮೇಲೇ ಹಾದುಹೋಯಿತು, ಅವ್ವ ಮಾತ್ರ ನೋಡಲಿಲ್ಲ

(ಅಂಗಳ. ಕಟ್ಟೆ ಮೇಲೆ ಅವ್ವ ಕೂತಿದ್ದಾಳೆ. ಪಕ್ಕದಲ್ಲಿ ಒನಕೆ, ಹಿತ್ತಾಳೆ ತಟ್ಟೆ, ಹಿಟ್ಟಿನ ಜರಡಿ.)

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರ್. ಇವಳು ನಮ್ಮವ್ವ. 2027ರ ಆಗಸ್ಟ್ 2, ಸೋಮವಾರ ಸೂರ್ಯಗ್ರಹಣ ಇದೆ. ಅವತ್ತೇ ಆಷಾಢದ ಅಮಾವಾಸ್ಯೆ. ಮೈಸೂರು ಕಡೆ ಭೀಮನ ಅಮಾವಾಸ್ಯೆ ಅಂತಾರೆ, ನಮ್ಮ ಕಡೆ ನಾಗರ ಅಮಾವಾಸ್ಯೆ. ಹಬ್ಬದ ದಿನವೇ ಗ್ರಹಣ ಬಂದಿದೆ ಅಂತ ನಮ್ಮ ಮಕ್ಕಳ ತಾಯಂದಿರು ಈಗಾಗಲೇ ಕೇಳ್ತಿದ್ದಾರೆ. ಟೀಚರ್, ಅಡುಗೆ ಮಾಡಬಹುದಾ? ಮಗಳು ಬಸುರಿ, ಹೊರಗೆ ಬಿಡಬಹುದಾ? ಅವರಿಗೆ ಫೋನಿನಲ್ಲಿ ಎರಡು ಮಾತು ಹೇಳಿ ಇಟ್ಟುಬಿಡೋದು ನನಗೆ ಸರಿ ಅನ್ನಿಸಲಿಲ್ಲ, ಅದಕ್ಕೇ ಈ ವಿಡಿಯೋ.

ಮೊದಲು ಅವ್ವನ ಕಥೆ. 1980ರ ಫೆಬ್ರವರಿ 16. ಅವತ್ತು ಪೂರ್ಣ ಸೂರ್ಯಗ್ರಹಣ. ಚಂದ್ರನ ನೆರಳು ಅರಬ್ಬಿ ಸಮುದ್ರದ ಮೇಲಿಂದ ಅಂಕೋಲೆಯ ಹತ್ತಿರ ದಡ ಹತ್ತಿ, ನಮ್ಮ ಗದಗ ಸೀಮೆ ದಾಟಿ, ರಾಯಚೂರಿನ ಕಡೆ ಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಿಯಲ್ಲಿ ವಿಜ್ಞಾನಿಗಳು ದೂರದರ್ಶಕ ಹೂಡಿ ಕಾಯ್ತಾ ಇದ್ದರು. ಅಲ್ಲಿ ಎರಡು ನಿಮಿಷಕ್ಕೂ ಮೇಲೆ ಮಟಮಟ ಹಗಲಲ್ಲೇ ಕತ್ತಲು. ಅದನ್ನು ನೋಡೋಕೆ ಜಗತ್ತಿನ ಎಲ್ಲೆಲ್ಲಿಂದಲೋ ಜನ ಬಂದಿದ್ದರು.

ಅವ್ವ ಆಗ ಆರು ತಿಂಗಳ ಬಸುರಿ, ಹೊಟ್ಟೆಯಲ್ಲಿ ನಮ್ಮಣ್ಣ. ಅಜ್ಜಿ ಅವಳನ್ನು ನಡುಮನೆಯಲ್ಲಿ ಕೂರಿಸಿ ಕಿಟಕಿಗೆ ಗೋಣಿಚೀಲ ಕಟ್ಟಿದ್ದಳಂತೆ. ಬೆಳಿಗ್ಗೆಯಿಂದ ಊಟ ಇಲ್ಲ, ನೀರಿಲ್ಲ. ಕೈ ಕಾಲು ಮಡಚಬಾರದು, ಕೆರೆದುಕೊಳ್ಳಬಾರದು, ಚಾಕು ಕತ್ತರಿ ಮುಟ್ಟಬಾರದು. ಕತ್ತಲಾದಾಗ ಹೊರಗೆ ಕೋಳಿಗಳು ಗೂಡು ಸೇರಿದ ಸದ್ದು ಕೇಳಿಸಿತು, ಅಷ್ಟೇ. ಬಾಯಿ ಒಣಗಿ ತಲೆ ಸುತ್ತು ಬಂತು. ಅದನ್ನೂ ಗ್ರಹಣದ ಕಾಟ ಅಂತಲೇ ಮನೆಯವರು ಅಂದುಕೊಂಡರು.

ಅಜ್ಜಿ ಕೆಟ್ಟವಳಲ್ಲ. ಇದನ್ನು ಒತ್ತಿ ಹೇಳ್ತೀನಿ. ಅಜ್ಜಿಗೆ ಎರಡು ಕೂಸು ಹುಟ್ಟಿದ ಮೇಲೆ ಉಳಿದಿರಲಿಲ್ಲ. ಹತ್ತಿರದಲ್ಲಿ ಡಾಕ್ಟರ್ ಇರಲಿಲ್ಲ. ಸೊಸೆಗೆ ಹಾಗಾಗಬಾರದು ಅಂತ ತನಗೆ ಗೊತ್ತಿದ್ದ ಎಲ್ಲಾ ಕಾವಲನ್ನೂ ಹಾಕಿದಳು. ನಾವು ಈಗ ಮಾತಾಡಬೇಕಾಗಿರೋದು ಆ ಪ್ರೀತಿಯ ಬಗ್ಗೆ ಅಲ್ಲ, ಕಾವಲು ಸರಿಯಾದ ಜಾಗದಲ್ಲಿ ಇತ್ತಾ ಅನ್ನೋದರ ಬಗ್ಗೆ.

(ಅವ್ವನ ಕೈಯಲ್ಲಿ ನಿಂಬೆಹಣ್ಣು, ನನ್ನ ಕೈಯಲ್ಲಿ ಸಾಸಿವೆ ಕಾಳು.)

ಗ್ರಹಣ ಅಂದರೇನು? ಸೂರ್ಯನಿಗೂ ನಮಗೂ ನಡುವೆ ಚಂದ್ರ ಬರೋದು, ಅಷ್ಟೇ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಹಾಗೇ ಸುಮಾರು 400 ಪಟ್ಟು ದೂರದಲ್ಲೂ ಇದ್ದಾನೆ, ಅದಕ್ಕೇ ನಮ್ಮ ಕಣ್ಣಿಗೆ ಇಬ್ಬರೂ ಒಂದೇ ಅಳತೆ ಕಾಣ್ತಾರೆ. ಕಣ್ಣಿನ ಹತ್ತಿರ ಸಾಸಿವೆ ಹಿಡಿದರೆ ದೂರದ ನಿಂಬೆಹಣ್ಣು ಮುಚ್ಚಿಹೋಗುತ್ತೆ, ನೋಡಿ ಹೀಗೆ. ಚಂದ್ರಗ್ರಹಣದಲ್ಲಿ ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತೆ.

ಹಾಗಾದರೆ ರಾಹು ಕೇತು ಸುಳ್ಳಾ ಅಂತ ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಒಬ್ಬರು ಕೇಳ್ತಾರೆ. ಹಾವು ನುಂಗುವ ಕಥೆ ಕಥೆಯೇ. ಆದರೆ ನಮ್ಮ ಪಂಚಾಂಗದ ಲೆಕ್ಕದಲ್ಲಿ ರಾಹು ಕೇತು ಅಂದರೆ ಎರಡು ಬಿಂದು. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ, ಆ ಎರಡು ದಾರಿ ಒಂದನ್ನೊಂದು ದಾಟುವ ಜಾಗಗಳೇ ಅವು. ಅಮಾವಾಸ್ಯೆ ಅಥವಾ ಹುಣ್ಣಿಮೆ ಆ ಬಿಂದುವಿನ ಹತ್ತಿರ ಬಂದರೆ ಮಾತ್ರ ಗ್ರಹಣ. ಪ್ರತಿ ಅಮಾವಾಸ್ಯೆಗೂ ಗ್ರಹಣ ಯಾಕೆ ಆಗಲ್ಲ ಅನ್ನೋದಕ್ಕೆ ಉತ್ತರ ಇದೇ. ಸ್ಪರ್ಶ ಎಷ್ಟು ಗಂಟೆಗೆ, ಮೋಕ್ಷ ಎಷ್ಟು ಗಂಟೆಗೆ ಅಂತ ನಮ್ಮ ಹಿರಿಯರು ಲೆಕ್ಕ ಹಾಕಿ ಹೇಳ್ತಿದ್ದರು ಅಂದರೆ ಅವರಿಗೆ ಇದು ಗೊತ್ತಿತ್ತು ಅಂತಲೇ ಅಲ್ವಾ? 499ನೇ ಇಸವಿಯಲ್ಲೇ ಆರ್ಯಭಟ ಬರೆದಿಟ್ಟಿದ್ದಾನೆ, ಚಂದ್ರ ಸೂರ್ಯನನ್ನು ಮುಚ್ಚುತ್ತಾನೆ, ಭೂಮಿಯ ದೊಡ್ಡ ನೆರಳು ಚಂದ್ರನನ್ನು ಮುಚ್ಚುತ್ತೆ ಅಂತ. ವಿಜ್ಞಾನ ಹೊರಗಿನಿಂದ ಬಂದಿದ್ದು, ನಂಬಿಕೆ ನಮ್ಮದು ಅಂತ ಗೆರೆ ಎಳೆಯೋದೇ ತಪ್ಪು. ಎರಡೂ ನಮ್ಮ ಮನೆಯಲ್ಲೇ ಇದ್ದವು.

ಈಗ ಬಸುರಿಯರ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ.

ಗ್ರಹಣದ ಹೊತ್ತಲ್ಲಿ ಬಸುರಿ ಏನಾದರೂ ಹೆಚ್ಚಿದರೆ ಕೂಸಿನ ತುಟಿ ಸೀಳುತ್ತೆ ಅಂತಾರೆ. ಕೂಸಿನ ಮೇಲ್ದುಟಿ ಕೂಡಿಕೊಳ್ಳೋದು ಬಸಿರಿನ ನಾಲ್ಕನೇ ವಾರದಿಂದ ಏಳನೇ ವಾರದೊಳಗೆ. ಎಷ್ಟೋ ಜನಕ್ಕೆ ಆಗಿನ್ನೂ ತಾನು ಬಸುರಿ ಅಂತಲೇ ಗೊತ್ತಿರಲ್ಲ. ಆರು ತಿಂಗಳಲ್ಲಿ ಬದನೆಕಾಯಿ ಹೆಚ್ಚಿದ್ದಕ್ಕೆ, ಯಾವತ್ತೋ ಕೂಡಿಕೊಂಡ ತುಟಿ ಮತ್ತೆ ಸೀಳೋದಿಲ್ಲ. ಸೀಳುತುಟಿಗೆ ಮನೆತನದಿಂದ ಬರೋ ಗುಣ ಕಾರಣ ಇರಬಹುದು, ಬಸುರಿ ಇದ್ದಾಗ ತಗೊಂಡ ಕೆಲವು ಮಾತ್ರೆ, ಬೀಡಿ ಸಿಗರೇಟಿನ ಹೊಗೆ ಕೂಡ ಕಾರಣ ಆಗಬಹುದು. ಆಪರೇಷನ್ ಮಾಡಿ ಸರಿ ಮಾಡ್ತಾರೆ. ಹಾಗೆ ಹುಟ್ಟಿದ ಕೂಸಿನ ತಾಯಿಗೆ "ಗ್ರಹಣದಲ್ಲಿ ಏನು ಮಾಡಿದೆ?" ಅಂತ ದಯವಿಟ್ಟು ಯಾರೂ ಕೇಳಬೇಡಿ. ಆ ಪ್ರಶ್ನೆ ಹೊತ್ತುಕೊಂಡು ಹತ್ತು ವರ್ಷ ಅತ್ತ ತಾಯಿಯೊಬ್ಬಳು ನನಗೆ ಗೊತ್ತು. ಅವಳ ಮಗ ನನ್ನ ಕ್ಲಾಸಿನಲ್ಲೇ ಓದಿದ.

ಗ್ರಹಣ ಹೊಸ ಕಿರಣ ಏನನ್ನೂ ಹುಟ್ಟಿಸೋದಿಲ್ಲ. ದಿನಾ ಬರೋ ಬಿಸಿಲನ್ನೇ ಸ್ವಲ್ಪ ಹೊತ್ತು ಮರೆ ಮಾಡುತ್ತೆ. ಆದರೆ ಹೊಟ್ಟೆಗೆ ನೀರಿಲ್ಲದೆ, ಅನ್ನ ಇಲ್ಲದೆ ಕೂತರೆ ಬಸುರಿಗೆ ನಿಜವಾಗಿಯೂ ಸುಸ್ತಾಗುತ್ತೆ, ತಲೆ ಸುತ್ತುತ್ತೆ. ಶುಗರ್ ಇರೋರು, ಇನ್ಸುಲಿನ್ ತಗೊಳ್ಳೋರು ಊಟ ಬಿಟ್ಟರೆ ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು. ವೇಧ ಅಂತ 12 ತಾಸು ಮೊದಲೇ ಊಟ ಬಿಡೋ ಮನೆಗಳಿವೆ. ಅಂಥವರು ಪಂಚಾಂಗವನ್ನು ಪೂರ್ತಿ ಓದಿ. ಮಕ್ಕಳಿಗೆ, ಮುದುಕರಿಗೆ, ಅಶಕ್ತರಿಗೆ, ಬಸುರಿಯರಿಗೆ ವಿನಾಯಿತಿ ಅಂತ ಅದರಲ್ಲೇ ಇರುತ್ತೆ. ಶಾಸ್ತ್ರ ಬಿಟ್ಟಿದ್ದನ್ನು ನಾವು ಯಾಕೆ ಬಿಗಿ ಮಾಡಬೇಕು?

ಊಟದ ಮೇಲೆ, ನೀರಿನ ಮೇಲೆ ದರ್ಬೆ ಇಡೋರು ಇಡಿ, ಯಾರಿಗೂ ತೊಂದರೆ ಇಲ್ಲ. ಅಡುಗೆ ಹಳಸೋದು ಬ್ಯಾಕ್ಟೀರಿಯಾದಿಂದ. ಬೆಳಿಗ್ಗೆ ಮಾಡಿದ ಅನ್ನ ರಾತ್ರಿ ತನಕ ಹಾಗೇ ಇಟ್ಟರೆ ಗ್ರಹಣ ಇರಲಿ, ಬಿಡಲಿ, ಕೆಡುತ್ತೆ. ನೀರು ಮಾತ್ರ ಚೆಲ್ಲಬೇಡಿ. ಎಂಟು ದಿನಕ್ಕೊಮ್ಮೆ ನಲ್ಲಿ ನೀರು ಬರೋ ಊರು ನಮ್ಮದು, ಹೋದ ಸಲ ಗ್ರಹಣ ಬಿಟ್ಟ ಮೇಲೆ ನಮ್ಮ ಓಣಿಯಲ್ಲಿ ಕೊಡಗಟ್ಟಲೆ ಒಳ್ಳೆ ನೀರು ಚರಂಡಿಗೆ ಹೋಗಿದ್ದು ನೋಡಿ ನನ್ನ ಹೊಟ್ಟೆ ಉರಿದುಹೋಯಿತು.

(ಅವ್ವ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸುತ್ತಾಳೆ.)

ಇದು ನಿಮಗೆಲ್ಲ ಗೊತ್ತು. ಗ್ರಹಣ ಹಿಡಿದಾಗ ಒನಕೆ ತಾನಾಗಿ ನಿಲ್ಲುತ್ತೆ, ಬಿಟ್ಟಾಗ ಬೀಳುತ್ತೆ ಅಂತ. ಗಡಿಯಾರ ಇಲ್ಲದ ಕಾಲದಲ್ಲಿ ಮನೆಮಂದಿಯೆಲ್ಲ ಸುತ್ತ ಕೂತು ನೋಡ್ತಿದ್ದರು, ಎಷ್ಟು ಚೆಂದದ ನೋಟ ಅಲ್ವಾ ಅದು! ಒನಕೆಯ ಬುಡ ನೋಡಿ, ಕಬ್ಬಿಣದ ಬಳೆ ಹಾಕಿದ್ದಾರೆ, ಸಮತಟ್ಟಾಗಿದೆ. ಅವ್ವ ಎರಡು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಅತ್ತ ಒಂದು ಕೂದಲೆಳೆ, ಇತ್ತ ಒಂದು ಕೂದಲೆಳೆ ಸರಿಸಿ, ಮೆಲ್ಲಗೆ ಬೆರಳು ತೆಗೆದಳು.

ಅವ್ವ: "ನಿಂತೈತಿ ನೋಡವ್ವಾ. ಇವತ್ತು ಗ್ರಹಣ ಎಲ್ಲೈತಿ?"

ಇವತ್ತು ಗ್ರಹಣ ಇಲ್ಲ, ಆದರೂ ನಿಂತಿದೆ. ನೀವೂ ಮನೆಯಲ್ಲಿ ಮಾಡಿ ನೋಡಿ. ಬುಡ ಸಮ ಇರಬೇಕು, ಕೈ ತಾಳ್ಮೆ ಇರಬೇಕು. ಗ್ರಹಣದ ದಿನ ಮಾತ್ರ ನಾವು ನಿಲ್ಲಿಸಿ ನೋಡ್ತಿದ್ದೆವು, ಅದಕ್ಕೇ ಗ್ರಹಣವೇ ನಿಲ್ಲಿಸಿತು ಅನ್ನಿಸ್ತಿತ್ತು.

ಇನ್ನು ನಿಜವಾದ ಅಪಾಯ. ಕಣ್ಣು.

ಬೇರೆ ದಿನ ಸೂರ್ಯನನ್ನು ನೋಡೋಕೆ ಆಗಲ್ಲ, ಕಣ್ಣು ತಾನೇ ಮುಚ್ಚಿಕೊಳ್ಳುತ್ತೆ. ಗ್ರಹಣದ ದಿನ ಬೆಳಕು ಕಡಿಮೆ ಆದ ಹಾಗೆ ಕಂಡು ನಾವು ಎವೆ ಇಕ್ಕದೆ ನೋಡ್ತೀವಿ. ಉಳಿದ ಆ ಸಣ್ಣ ತುಣುಕು ಸಾಕು, ಕಣ್ಣಿನ ಒಳಪದರ ಸುಡೋಕೆ. ಆ ಪದರಕ್ಕೆ ನೋವು ಗೊತ್ತಾಗಲ್ಲ. ನೋಡ್ತಾ ಇರೋವಾಗ ಏನೂ ಅನ್ನಿಸಲ್ಲ, ಆಮೇಲೆ ನೋಟದ ನಟ್ಟನಡುವೆ ಕಪ್ಪು ಚುಕ್ಕೆ ಕೂತಿರುತ್ತೆ. ಕೆಲವರಿಗೆ ಅದು ಹೋಗೋದೇ ಇಲ್ಲ. ಹಾಗಾಗಿ ಎಕ್ಸ್‌ರೇ ಫಿಲ್ಮ್ ಬೇಡ, ಮಸಿ ಹಿಡಿಸಿದ ಗಾಜು ಬೇಡ, ತಂಪು ಕನ್ನಡಕ ಬೇಡ, ಸಗಣಿ ನೀರು, ಅರಿಶಿನ ನೀರಿನಲ್ಲಿ ಬಗ್ಗಿ ನೋಡೋದೂ ಬೇಡ. ISO 12312-2 ಅಂತ ಬರೆದಿರೋ ಗ್ರಹಣದ ಕನ್ನಡಕ ಆಗಬೇಕು, ಅದರಲ್ಲೂ ಗೀರು, ತೂತು ಇರಬಾರದು. ಇಲ್ಲದಿದ್ದರೆ 14ನೇ ನಂಬರಿನ ವೆಲ್ಡಿಂಗ್ ಗಾಜು. ಈ ಸಲ ನಮ್ಮಲ್ಲಿ ಸೂರ್ಯನ ಒಂದು ಭಾಗ ಮಾತ್ರ ಮುಚ್ಚುತ್ತೆ, ಪೂರ್ಣಗ್ರಹಣ ಕಾಣೋದು ಈಜಿಪ್ಟಿನ ಲಕ್ಸರ್ ಕಡೆ. ಹಾಗಾಗಿ ಬರಿಗಣ್ಣಲ್ಲಿ ನೋಡಬಹುದಾದ ಕ್ಷಣ ಒಂದೂ ಇಲ್ಲ. ಚಂದ್ರಗ್ರಹಣಕ್ಕೆ ಇದ್ಯಾವುದೂ ಬೇಕಿಲ್ಲ, ಎಷ್ಟು ಹೊತ್ತಾದರೂ ನೋಡಿ. 2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರ 82 ನಿಮಿಷ ತಾಮ್ರದ ಬಣ್ಣಕ್ಕೆ ತಿರುಗಿದ್ದ, ನೆನಪಿದೆಯಾ? ಭೂಮಿಯ ಸುತ್ತ ಅದೇ ಹೊತ್ತಿಗೆ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದನೋ, ಮುಳುಗುತ್ತಿದ್ದನೋ, ಆ ಕೆಂಪೆಲ್ಲ ನಮ್ಮ ಗಾಳಿಯಲ್ಲಿ ಬಾಗಿ ಹೋಗಿ ಅವನ ಮೇಲೆ ಬಿದ್ದಿತ್ತು.

ಇನ್ನೊಂದು ಹೇಳಲೇಬೇಕು. 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿ ಹತ್ತಿರದ ಒಂದು ಊರಲ್ಲಿ ಅಂಗವೈಕಲ್ಯ ಇರೋ ಮಕ್ಕಳನ್ನು ಕುತ್ತಿಗೆ ತನಕ ಮಣ್ಣಲ್ಲಿ ಹೂತಿದ್ದರು, ವಾಸಿಯಾಗುತ್ತೆ ಅನ್ನೋ ಆಸೆಯಿಂದ. ಆ ತಂದೆತಾಯಿಯನ್ನು ಬೈಯೋಕೆ ನನಗೆ ಬಾಯಿ ಬರಲ್ಲ, ಎಲ್ಲಾ ಬಾಗಿಲು ತಟ್ಟಿ ಸೋತವರು ಅವರು. ಆದರೆ ಮಕ್ಕಳು ಅಳ್ತಾ ಇದ್ದರು. ಮಣ್ಣಿಗೂ ಗ್ರಹಣಕ್ಕೂ ಆ ಶಕ್ತಿ ಇಲ್ಲ. ನಿಮ್ಮ ಸುತ್ತ ಯಾರಾದರೂ ಹಾಗೆ ಹೊರಟರೆ ಹತ್ತಿರ ಕೂತು ಮಾತಾಡಿ, ಮಗುವನ್ನು ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಜೊತೆಗೆ ಹೋಗಿ.

ಸ್ನಾನ, ಜಪ, ದಾನ, ದೇವಸ್ಥಾನದ ಬಾಗಿಲು ಹಾಕೋದು, ಇವೆಲ್ಲ ನಿಮ್ಮ ಭಕ್ತಿಗೆ ಬಿಟ್ಟಿದ್ದು, ವಿಜ್ಞಾನಕ್ಕೆ ಅದರಲ್ಲಿ ಜಗಳ ಇಲ್ಲ. ದೇವಸ್ಥಾನಗಳಲ್ಲೂ ಒಂದೇ ಪದ್ಧತಿ ಇಲ್ಲ, ಶ್ರೀಕಾಳಹಸ್ತಿಯಲ್ಲಿ ಗ್ರಹಣದ ಹೊತ್ತಲ್ಲೂ ಬಾಗಿಲು ತೆರೆದೇ ಇರುತ್ತೆ.

(ಅವ್ವ ಜರಡಿ ಎತ್ತಿ ಹಿಡಿಯುತ್ತಾಳೆ. ನೆಲದ ಮೇಲೆ ಬೆಳಕಿನ ಚುಕ್ಕೆಗಳು.)

ಕನ್ನಡಕ ಇಲ್ಲದವರಿಗೆ ಇದು. ಸೂರ್ಯನಿಗೆ ಬೆನ್ನು ಹಾಕಿ ನಿಂತು, ಜರಡಿಯನ್ನು ಬಿಸಿಲಿಗೆ ಹಿಡಿಯಿರಿ, ನೆಲ ಮಾತ್ರ ನೋಡಿ. ತೂತು ಸ್ವಲ್ಪ ದೊಡ್ಡದಿರೋ ಜರಡಿ ಆದರೆ ಒಳ್ಳೇದು. ಈಗ ಚುಕ್ಕೆಗಳು ಗುಂಡಗಿವೆ. ಸೋಮವಾರ ಮಧ್ಯಾಹ್ನ ಇಳಿದ ಮೇಲೆ, ಮೋಡ ಇಲ್ಲದಿದ್ದರೆ, ಒಂದೊಂದು ಚುಕ್ಕೆಯೂ ಕಚ್ಚಿದ ರೊಟ್ಟಿ ಹಾಗೆ ಕಾಣುತ್ತೆ. ಬೇವಿನ ಮರದ ಕೆಳಗೂ ಹುಡುಕಿ, ಎಲೆಗಳ ಸಂದಿಯೂ ಜರಡಿಯೇ.

1868ರ ಗ್ರಹಣದಲ್ಲಿ ನಮ್ಮ ಜಮಖಂಡಿಯಲ್ಲಿ ನಿಂತು ಜಾನ್ ಹರ್ಷಲ್ ಅನ್ನೋ ಅಧಿಕಾರಿ ಮೋಡದ ಸಂದಿಯಿಂದ ಸೂರ್ಯನ ಅಂಚಿನ ಬೆಳಕನ್ನು ಬಿಡಿಸಿ ನೋಡಿದ. ಅದೇ ಗ್ರಹಣದಲ್ಲಿ ಕಂಡ ಹಳದಿ ಗೆರೆಯೇ ಮುಂದೆ ಹೀಲಿಯಂ ಅಂತ ಗೊತ್ತಾಯಿತು. ನಮ್ಮ ನೆಲದ ಮೇಲೆ ನಿಂತವರು ಅಷ್ಟು ದೊಡ್ಡದು ಕಂಡರು. ನಮ್ಮವ್ವ ಅದೇ ಸೀಮೆಯಲ್ಲಿ ಗೋಣಿಚೀಲದ ಹಿಂದೆ ಕೂತಿದ್ದಳು.

ಅವ್ವಾ, ಸೋಮವಾರ ಹೊರಗೆ ಬರ್ತೀಯಾ?

ಅವ್ವ: "ಬರ್ತೀನಿ. ಜರಡಿ ನಾನ ಹಿಡೀತೀನಿ. ಬಿಟ್ಟ ಮ್ಯಾಲ ಜಳಕಾ ಮಾತ್ರ ಬಿಡಂಗಿಲ್ಲ ನೋಡು."

ಆಗಲವ್ವಾ. ನೀರು ನಾನೇ ಕಾಯಿಸಿ ಇಡ್ತೀನಿ.