ಗೋದಾಮಿಗೆ ಬಾರ್‌ಕೋಡ್: ಆರು ವಾರದ ಪ್ರಯೋಗಕ್ಕೆ ಅನುಮತಿ ಕೋರಿ

ಸರ್,

ಹೋದ ಸಲ ತರಿಸಿದ ಹಾಜರಿ ಯಂತ್ರ ಇನ್ನೂ ಬೀರುವಿನಲ್ಲೇ ಇದೆ, ಗೊತ್ತು. ಅದಕ್ಕೇ ಇಡೀ ಗೋದಾಮಿಗೆ ಕೇಳುತ್ತಿಲ್ಲ. ಪೈಪ್ ಫಿಟಿಂಗ್ ಇರುವ ಮೂರನೇ ರ‍್ಯಾಕಿಗೆ ಮಾತ್ರ.

ಅಲ್ಲೇ ಯಾಕೆಂದರೆ, ಮುಕ್ಕಾಲು ಇಂಚಿನ ಎಲ್ಬೋ, ಒಂದು ಇಂಚಿನದು ರಿಜಿಸ್ಟರಿನಲ್ಲಿ ಪದೇ ಪದೇ ಅದಲುಬದಲಾಗುತ್ತವೆ. ಕಳೆದ ತಿಂಗಳು 412 ಇರಬೇಕಾದಲ್ಲಿ 367 ಸಿಕ್ಕವು. ಕಳವಲ್ಲ. ಉಳಿದ 45 ಪಕ್ಕದ ಸಾಲಿನಲ್ಲಿ ಬರೆದುಹೋಗಿದ್ದವು. ಅದನ್ನು ಹುಡುಕಲು ಇಬ್ಬರಿಗೆ ಒಂದು ಇಡೀ ಶನಿವಾರ ಹೋಯಿತು.

ಖರ್ಚು, ಜಿಎಸ್‌ಟಿ ಸೇರಿ: ಎರಡು ಸ್ಕ್ಯಾನರ್ ₹5,600, ಲೇಬಲ್ ಪ್ರಿಂಟರ್ ₹11,500, ಲೇಬಲ್ ರೋಲ್ ₹1,800, ಸಾಫ್ಟ್‌ವೇರ್ ಬಾಡಿಗೆ ಎರಡು ತಿಂಗಳಿಗೆ ₹2,400. ಒಟ್ಟು ₹21,300. ಪ್ರಯೋಗ ಕೈಕೊಟ್ಟರೂ ಪ್ರಿಂಟರ್ ಡಿಸ್ಪ್ಯಾಚ್ ವಿಭಾಗದ ಕೆಲಸಕ್ಕೆ ಬರುತ್ತದೆ.

ಆರು ವಾರವೂ ರಿಜಿಸ್ಟರ್ ಬರೆಯುವುದು ನಿಲ್ಲುವುದಿಲ್ಲ. ಪ್ರತಿ ಶನಿವಾರ ರಿಜಿಸ್ಟರನ್ನೂ ಸ್ಕ್ಯಾನ್ ಲೆಕ್ಕವನ್ನೂ ಕೈಯೆಣಿಕೆಗೆ ತಾಳೆ ನೋಡುತ್ತೇವೆ. ಕರೆಂಟ್ ಹೋದರೆ ಪುಸ್ತಕವೇ ಗತಿ, ಆಮೇಲೆ ಏರಿಸಬೇಕು. ನನಗೆ ನಿಜವಾದ ಭಯ ಬೇರೆ: ಲೋಡ್ ಬಂದ ಗಡಿಬಿಡಿಯಲ್ಲಿ ಹುಡುಗರು ಸ್ಕ್ಯಾನ್ ಮಾಡದೆ ಪೆಟ್ಟಿಗೆ ಒಳಗೆ ತಳ್ಳುತ್ತಾರೆ. ಮೊದಲ ಎರಡು ವಾರ ಇಳಿಸುವ ಹೊತ್ತಿಗೆ ನಾನೇ ಬಾಗಿಲಲ್ಲಿ ನಿಲ್ಲುತ್ತೇನೆ.

ಕೊನೆಯ ಎರಡು ಶನಿವಾರ ವ್ಯತ್ಯಾಸ ನೂರಕ್ಕೆ ಎರಡಕ್ಕಿಂತ ಹೆಚ್ಚಿದ್ದರೆ ಬಾಡಿಗೆ ನಿಲ್ಲಿಸಿಬಿಡೋಣ. ಸೋಮವಾರದೊಳಗೆ ಒಪ್ಪಿಗೆ ಸಿಕ್ಕರೆ ತಿಂಗಳ ಎಣಿಕೆ ಮುಗಿದ ಮರುದಿನವೇ ಶುರುಮಾಡಬಹುದು.

ಸ್ಟೋರ್ಸ್ ವಿಭಾಗ